ವಾರದ ವರದಿ: ಆಗಿದ್ದು, ನಿಂತಿದ್ದು, ಬೇಕಾದದ್ದು. ಒಂದೇ ವಿಷಯ ಮೂರೂ ಕಡೆ ಬಂದರೆ ಎಲ್ಲಿ ಬರೆಯುವುದು?

ದಾವಣಗೆರೆ ಸೈಟ್

ನಮ್ಮದು ನಾಲ್ಕು ಮಹಡಿಯ ವಸತಿ ಕಟ್ಟಡ. ನಾನು ಸೈಟ್ ಎಂಜಿನಿಯರ್. ಪ್ರಾಜೆಕ್ಟ್ ಮ್ಯಾನೇಜರ್ ಬೆಂಗಳೂರಿನ ಕಚೇರಿಯಲ್ಲಿದ್ದು ಇಂಥ ಹಲವು ಸೈಟುಗಳನ್ನು ನೋಡಿಕೊಳ್ಳುತ್ತಾರೆ. ಶನಿವಾರ ರಾತ್ರಿಯೊಳಗೆ ವರದಿ ಕಳಿಸಬೇಕು. ಕಳೆದ ವಾರದ ವರದಿಗೆ ಅವರಿಂದ ಬಂದ ಉತ್ತರ ಒಂದೇ ಸಾಲು: "ಆಗಿದ್ದೇನು, ನಿಂತಿದ್ದೇನು, ನನ್ನಿಂದ ಬೇಕಾದದ್ದೇನು ಎಂದು ಬೇರೆ ಮಾಡಿ ಬರೆಯಿರಿ."

ಹಾಗೆ ಬರೆಯಲು ಕುಳಿತರೆ ಬೇರೆಯಾಗುವುದೇ ಇಲ್ಲ. ಶೌಚಾಲಯದ ಭಾಗದ ಡ್ರಾಯಿಂಗ್ ಬಂದಿಲ್ಲ ಎಂಬುದನ್ನೇ ತೆಗೆದುಕೊಳ್ಳಿ. ಅದು ಬಾರದ್ದರಿಂದ ಸ್ಲ್ಯಾಬು ಅರ್ಧಕ್ಕೆ ನಿಂತಿದೆ, ಅಂದರೆ ಪ್ರಗತಿಯ ವಿಷಯ. ಅದು ಅಡೆತಡೆಯೂ ಹೌದು. ಅದನ್ನು ತರಿಸಿಕೊಡಿ ಎಂಬುದು ಬೇಡಿಕೆ. ಮೂರು ಸಲ ಬರೆಯಬೇಕೇ? ಈ ವಾರದ ಕರಡು ಇಲ್ಲಿದೆ, ನೋಡಿ ಹೇಳಿ:

"ಎರಡನೇ ಮಹಡಿಯ ಕಾಲಂಗಳ ಕೆಲಸ ಮುಗಿದಿದೆ. ಏಳು ದಿನದ ಕ್ಯೂಬ್ ಪರೀಕ್ಷೆ ಮಾಡಿಸಲಾಗಿದೆ. ಅದರ ಮೇಲಿನ ಸ್ಲ್ಯಾಬಿನ ಸೆಂಟ್ರಿಂಗ್ ಶೇ 80ರಷ್ಟು ಆಗಿದ್ದು, ಕಂಬಿ ಕಟ್ಟುವ ಕೆಲಸ ಪ್ರಗತಿಯಲ್ಲಿದೆ. ಶೌಚಾಲಯಗಳ ಪರಿಷ್ಕೃತ ಡ್ರಾಯಿಂಗ್ ಬಾರದ್ದರಿಂದ ಆ ಭಾಗದಲ್ಲಿ ತೊಂದರೆಯಾಗಿದೆ. 10 ಎಂಎಂ ಕಂಬಿ ಮುಗಿಯುತ್ತ ಬಂದಿದೆ, ಆರ್ಡರ್ ಹಾಕಲಾಗಿದೆ. ಬಡಗಿಗಳು ಜಾತ್ರೆಗೆ ಹೋಗಿದ್ದಾರೆ. ಮೂರನೇ ಮಹಡಿಯ ಕಾಲಂಗಳಿಗೆ 16 ಎಂಎಂ ಕಂಬಿ ಬೇಕಾಗುತ್ತದೆ. ಮುಂದಿನ ಶನಿವಾರ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಉದ್ದೇಶವಿದೆ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ."

ಕೋಡುಬಳೆ

ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಮ್ಮಲ್ಲಿ ಇದು ನಿತ್ಯದ ಅಭ್ಯಾಸ. ನಿಯಮ ಸರಳ: ಪ್ರತಿಯೊಂದು ಅಡೆತಡೆಗೂ ಎದುರಿಗೆ ಒಂದು ಬೇಡಿಕೆ ಬರೆಯಿರಿ. ಎರಡು ಕಾಲಮ್ಮಿನ ಪಟ್ಟಿ ಮಾಡಿದರೆ ಮುಗಿಯಿತು. ಜೊತೆಗೆ ಕೆಂಪು, ಹಳದಿ, ಹಸಿರು ಬಣ್ಣ ಹಾಕಿ. ಮ್ಯಾನೇಜರಿಗೆ ಕೆಂಪು ಕಂಡರೆ ಸಾಕು, ಉಳಿದದ್ದನ್ನು ಓದುವ ಅಗತ್ಯವಿಲ್ಲ.

ನ್ಯಾಯ ಬೇಕು

ಮೇಡಂ, ಒಂದು ಸಾಲಿನ ಉತ್ತರ ಕೊಟ್ಟು ಅವಮಾನ ಮಾಡುವ ಮೇಲಧಿಕಾರಿಗಳು ಎಲ್ಲ ಕಡೆಯೂ ಇದ್ದಾರೆ. ಇಂಥದ್ದನ್ನೆಲ್ಲ ಬರವಣಿಗೆಯಲ್ಲಿ ಉಳಿಸಿಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಆಧಾರವಾಗುತ್ತದೆ.

ದಾವಣಗೆರೆ ಸೈಟ್

ಇಲ್ಲ ಸರ್, ಅವಮಾನವೇನೂ ಆಗಿಲ್ಲ. ಅವರು ಒಳ್ಳೆಯವರೇ, ಮಾತು ಕಡಿಮೆ ಅಷ್ಟೆ.

ಕೋಡುಬಳೆಯವರೇ, ಎದುರುಬದುರು ಪಟ್ಟಿ ಮಾಡಿ ನೋಡಿದೆ. ಬಡಗಿಗಳು ಜಾತ್ರೆಗೆ ಹೋದದ್ದರ ಎದುರಿಗೆ ಏನು ಬರೆಯಲಿ? ಸೋಮವಾರ ಅವರೇ ಬರುತ್ತಾರೆ.

ಹಳೆಯ ಲೆವೆಲ್ ಪುಸ್ತಕ

ಮೂರು ದಶಕಕ್ಕೂ ಹೆಚ್ಚು ಕಾಲ ಇಂಥ ವರದಿಗಳನ್ನು ಬರೆದವನು, ಬರೆಸಿದವನು ನಾನು. ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಉತ್ತರವಿದೆ. ಅಡೆತಡೆಗೂ ಬೇಡಿಕೆಗೂ ಜೋಡಿ ಕಟ್ಟಬಾರದು. ಕಟ್ಟಿದರೆ ಇಲ್ಲದ ಬೇಡಿಕೆಯನ್ನು ಹುಟ್ಟಿಸಬೇಕಾಗುತ್ತದೆ, ಇರುವ ಬೇಡಿಕೆ ಬಿಟ್ಟುಹೋಗುತ್ತದೆ.

ಅಡೆತಡೆ ಎಂದರೆ ನಿರ್ದಿಷ್ಟವಾದ ಒಂದು ಕೆಲಸ ಈಗಾಗಲೇ ನಿಂತಿರಬೇಕು. ನನ್ನ ಪರೀಕ್ಷೆ ಒರಟಾದದ್ದು: ನಾಳೆ ಬೆಳಿಗ್ಗೆ ಆಳುಗಳು ಬಂದು ಇದರಿಂದಾಗಿ ಕೈಕಟ್ಟಿ ಕೂರುತ್ತಾರೆಯೇ? ಕೂರುತ್ತಾರೆಂದರೆ ಅಡೆತಡೆ. ಡ್ರಾಯಿಂಗ್ ಬಾರದೆ ಶೌಚಾಲಯದ ಭಾಗದಲ್ಲಿ ಕಂಬಿ ಕಟ್ಟಲಾಗದು, ಅದು ಅಡೆತಡೆ. 10 ಎಂಎಂ ಕಂಬಿ ಮುಗಿಯುತ್ತ ಬಂದಿದೆ, ಆದರೆ ಲಾರಿ ಬರುವವರೆಗೆ ಸಾಲುವಷ್ಟಿದ್ದರೆ ಅಡೆತಡೆಯಲ್ಲ. ಹಾಗಿದ್ದರೆ ಅದನ್ನು ಬರೆಯುವ ಅಗತ್ಯವೇ ಇಲ್ಲ.

ಬೇಡಿಕೆಯ ಗುರುತು ಬೇರೆ. ಅದು ಓದುವವರ ಕೈಯಿಂದ ಆಗಬೇಕಾದ ಕೆಲಸ. ಯಾರು, ಏನು, ಯಾವ ದಿನದೊಳಗೆ, ಆಗದಿದ್ದರೆ ಏನು ತಪ್ಪುತ್ತದೆ ಎಂಬ ನಾಲ್ಕೂ ಅದರಲ್ಲಿರಬೇಕು. "ದಯವಿಟ್ಟು ಸಹಕರಿಸಿ" ಎಂಬುದರಲ್ಲಿ ನಾಲ್ಕರಲ್ಲಿ ಒಂದೂ ಇಲ್ಲ.

ಇನ್ನು, ನಿಂತ ಕೆಲಸವೇ ಇಲ್ಲದ ಬೇಡಿಕೆ. ನಿಮ್ಮ 16 ಎಂಎಂ ಕಂಬಿ ಅಂಥದ್ದು. ಇವತ್ತು ಏನೂ ನಿಂತಿಲ್ಲ. ಆದರೆ ಆರ್ಡರಿಗೆ ಕಚೇರಿಯ ಒಪ್ಪಿಗೆ ಬೇಕು, ಒಪ್ಪಿಗೆಯಾದ ಮೇಲೆ ಮಾಲು ಬರಲು ಸಮಯ ಬೇಕು. ವರದಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಇದು. ನಿಮ್ಮ ಕರಡಿನಲ್ಲಿ ಅದು ಜಾತ್ರೆಯ ಪಕ್ಕದಲ್ಲಿ ಹೂತುಹೋಗಿದೆ.

ಒಂದು ಮಾತು ಕೇಳಬೇಕು. "ಏಳು ದಿನದ ಕ್ಯೂಬ್ ಪರೀಕ್ಷೆ ಮಾಡಿಸಲಾಗಿದೆ" ಎಂದಿದ್ದೀರಿ. ಫಲಿತಾಂಶ ಎಷ್ಟು ಬಂತು?

ದಾವಣಗೆರೆ ಸೈಟ್

ಲ್ಯಾಬಿನ ವರದಿ ಬಂದದ್ದು ನಿನ್ನೆ ಸಂಜೆ. ಎಂ25 ಕಾಂಕ್ರೀಟ್. ಮೂರು ಕ್ಯೂಬುಗಳ ಸರಾಸರಿ ಬಲ ಚದರ ಎಂಎಂಗೆ 13.8 ನ್ಯೂಟನ್. ಸಿಮೆಂಟು ಪಿಪಿಸಿ. 28ನೇ ದಿನದ ಫಲಿತಾಂಶವೇ ಅಂತಿಮ ಎಂದು ಲ್ಯಾಬಿನವರು ಹೇಳಿದರು.

ಹಳೆಯ ಲೆವೆಲ್ ಪುಸ್ತಕ

ಲ್ಯಾಬಿನವರು ಹೇಳಿದ್ದು ಸರಿ, ಕಾಂಕ್ರೀಟನ್ನು ಒಪ್ಪುವುದೋ ಬಿಡುವುದೋ ಎಂಬುದು 28ನೇ ದಿನದ ಮೇಲೆಯೇ. ಏಳು ದಿನದ್ದು ಸೂಚನೆ ಮಾತ್ರ. ಪಿಪಿಸಿ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನ, ಹಾರುಬೂದಿಯ ಕೆಲಸ ತಡವಾಗಿ ಕಾಣುತ್ತದೆ. ಆದರೂ 28ನೇ ದಿನ 25 ಮುಟ್ಟಬೇಕಾದ ಎಂ25ಕ್ಕೆ ಏಳನೇ ದಿನ ಸಾಮಾನ್ಯವಾಗಿ 25ರ ಮೂರನೇ ಎರಡು ಭಾಗ, ಅಂದರೆ 16, 17ರ ಆಸುಪಾಸು ನಿರೀಕ್ಷಿಸುತ್ತೇವೆ. 13.8 ಕಂಡರೆ ಗಾಬರಿಯಾಗಬೇಕಿಲ್ಲ, ಸುಮ್ಮನಿರಲೂ ಬಾರದು. ಕ್ಯೂಬ್ ತುಂಬುವಾಗ ಸರಿಯಾಗಿ ಕುಟ್ಟದೇ ಇದ್ದರೂ, ನೀರಿನ ತೊಟ್ಟಿಯಲ್ಲಿಡದೆ ಬಿಸಿಲಿಗೆ ಬಿಟ್ಟರೂ ಇಷ್ಟೇ ಬರಬಹುದು. ಆಗ ತಪ್ಪು ಕ್ಯೂಬಿನದು, ಕಾಲಂ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಗೊತ್ತಾಗುವುದು ಹೇಗೆ?

ಈಗ ವಾರಗಳ ಲೆಕ್ಕ ನೋಡಿ. ಕಾಲಂ ಹಾಕಿದ್ದು ಹಿಂದಿನ ಶುಕ್ರವಾರ. ಬರುವ ಶನಿವಾರ ಅದಕ್ಕೆ 15 ದಿನ. ಅವತ್ತೇ ನೀವು ಅದೇ ಕಾಲಂಗಳು ಹೊರಬೇಕಾದ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಯೋಜನೆಯಲ್ಲಿದ್ದೀರಿ. 28ನೇ ದಿನದ ಫಲಿತಾಂಶ ಬರುವ ಹೊತ್ತಿಗೆ ಸ್ಲ್ಯಾಬು ಹಾಕಿ ಎರಡು ವಾರ ಸಮೀಪಿಸಿರುತ್ತದೆ. ಹಾಕಬಹುದೇ, ಕಾಯಬೇಕೇ, ಕಾಲಂಗಳನ್ನು ಮೊದಲು ರಿಬೌಂಡ್ ಹ್ಯಾಮರಿನಿಂದ ಪರೀಕ್ಷಿಸಬೇಕೇ ಎಂದು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ನೀವೂ ಅಲ್ಲ, ನಿಮ್ಮ ಮ್ಯಾನೇಜರೂ ಅಲ್ಲ. ಮ್ಯಾನೇಜರು ಮಾಡಬೇಕಾದದ್ದು ಆ ಉತ್ತರವನ್ನು ಶನಿವಾರದ ಮೊದಲು ತರಿಸುವುದು.

ನಿಮ್ಮ ವರದಿಯ ಅತಿ ದೊಡ್ಡ ಬೇಡಿಕೆ "ಮಾಡಿಸಲಾಗಿದೆ" ಎಂಬ ವೇಷದಲ್ಲಿ ಪ್ರಗತಿಯ ಸಾಲಿನಲ್ಲಿ ಕುಳಿತಿದೆ. ಮೂರನ್ನು ಬೇರೆ ಮಾಡಿ ಎನ್ನುವುದು ಇದಕ್ಕೇ. ಹೆಚ್ಚುವರಿ ಕ್ಯೂಬುಗಳನ್ನು ಹಾಕಿದ್ದೀರಾ? ಇದ್ದರೆ 14ನೇ ದಿನ ಒಡೆಸಬಹುದು, ಅದು ಬರುವ ಶುಕ್ರವಾರಕ್ಕೇ ಬೀಳುತ್ತದೆ.

ದಾವಣಗೆರೆ ಸೈಟ್

ಆರು ಕ್ಯೂಬುಗಳು ಮಾತ್ರ. ಉಳಿದ ಮೂರು 28ನೇ ದಿನಕ್ಕೆ ಮೀಸಲು.

ಹಳೆಯ ಲೆವೆಲ್ ಪುಸ್ತಕ

ಹಾಗಾದರೆ ಅವನ್ನು ಮುಟ್ಟಬೇಡಿ. ಈಗ ಒಡೆಸಿದರೆ 28ನೇ ದಿನ ತೋರಿಸಲು ಏನೂ ಉಳಿಯುವುದಿಲ್ಲ.

ಎಂಟು ಸೈಟು ಒಂದು ತಲೆ

ನಾನು ಆಚೆ ಕಡೆಯವನು, ಇಂಥ ವರದಿಗಳನ್ನು ಓದುವವನು. ಭಾನುವಾರ ಬೆಳಿಗ್ಗೆ ಎಂಟು ವರದಿಗಳು ಬಂದಿರುತ್ತವೆ. ನಿಜ ಹೇಳಬೇಕೆಂದರೆ ಮೊದಲು ಕೊನೆಯ ಭಾಗ ಓದುತ್ತೇನೆ, ಯಾಕೆಂದರೆ ಸೋಮವಾರ ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು ಎಂಬುದು ಅಲ್ಲಿರುತ್ತದೆ. ಆದ್ದರಿಂದ ಬೇಡಿಕೆಯನ್ನೇ ಮೇಲೆ ಬರೆಯಿರಿ ಎಂದು ನಮ್ಮವರಿಗೆ ಹೇಳಿದ್ದೇನೆ. ಪ್ರಗತಿ ಕೆಳಗಿರಲಿ.

ಕೆಂಪು, ಹಸಿರು ಬಣ್ಣಗಳ ಬಗ್ಗೆ: ನಮ್ಮಲ್ಲೂ ಒಂದು ಕಾಲಕ್ಕೆ ಇತ್ತು. ಕೆಂಪು ಹಾಕಿದರೆ ಫೋನ್ ಬರುತ್ತದೆ ಎಂದು ತಿಳಿದ ಮೇಲೆ ಎಲ್ಲರೂ ಹಳದಿ ಹಾಕತೊಡಗಿದರು. ಎಲ್ಲ ಸೈಟುಗಳೂ ಮಳೆಗಾಲವಿಡೀ ಹಳದಿ.

ಇನ್ನೊಂದು ವಿಷಯ, "ಶೇ 80". ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಹೋದ ವಾರ ಎಷ್ಟಿತ್ತು? ಉಳಿದ 20 ಯಾವುದು? ಸೆಂಟ್ರಿಂಗಿನಲ್ಲಿ ಹಲಗೆ ಹೊದಿಸಿದ್ದು 80 ಆಗಿರಬಹುದು, ಲೆವೆಲ್ ನೋಡಿ ಜಾಕಿ ಬಿಗಿ ಮಾಡಿದ್ದು ಸೊನ್ನೆ ಇರಬಹುದು. "ಐದು ಅಂಕಣಗಳಲ್ಲಿ ನಾಲ್ಕು ಮುಗಿದಿವೆ, ಲೆವೆಲ್ ನೋಡಿ ಆಗಿದೆ" ಎಂದರೆ ನನಗೆ ಚಿತ್ರ ಸಿಗುತ್ತದೆ. ಬಂದು ನೋಡಿದರೆ ಎಣಿಸಬಹುದಾದಂತಿರಬೇಕು.

ಹಳೆಯ ಲೆವೆಲ್ ಪುಸ್ತಕ

ಶೇಕಡಾವಾರಿನ ಬಗ್ಗೆ ಒಪ್ಪಿದೆ. ಬೇಡಿಕೆ ಮೇಲೆ ಎಂಬುದನ್ನು ನಾನು ಒಪ್ಪುವುದಿಲ್ಲ. ಏನು ಆಗಿದೆ ಎಂದು ತಿಳಿಯದೆ ಬೇಡಿಕೆಯನ್ನು ತೂಗುವುದು ಹೇಗೆ? ಬರೀ ಬೇಡಿಕೆ ಓದಿ ಫೋನ್ ಹಿಡಿದವರು ಸರಬರಾಜುದಾರರ ಮೇಲೆ ಕೂಗಾಡಿ, ಆಮೇಲೆ ಮಾಲು ಗುರುವಾರವೇ ಬಂದಿಳಿದಿತ್ತು ಎಂದು ತಿಳಿದು ಪೆಚ್ಚಾದದ್ದನ್ನು ಕಂಡಿದ್ದೇನೆ.

ಎಂಟು ಸೈಟು ಒಂದು ತಲೆ

ಒಂದೇ ಸೈಟು ನೋಡುವವರಿಗೆ ನಿಮ್ಮ ಕ್ರಮ ಸರಿ. ಎಂಟು ಇದ್ದಾಗ ಆಗದು.

ಹೊಲಿಗೆ ಲೈನ್ 4

ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ನಮ್ಮಲ್ಲೂ ಇದೇ ರೀತಿ ಬರೆಸುತ್ತಾರೆ. ಅಡೆತಡೆಯ ಭಾಗದಲ್ಲಿ "ಕಟಿಂಗ್ ವಿಭಾಗದವರು ಬಂಡಲ್ ಕೊಡುತ್ತಿಲ್ಲ" ಎಂದು ಬರೆದರೆ ಆ ವರದಿ ಕಟಿಂಗ್ ಇನ್‌ಚಾರ್ಜ್ ಕಣ್ಣಿಗೂ ಬೀಳುತ್ತದೆ, ಮರುದಿನ ಊಟದ ಹೊತ್ತಿನಲ್ಲಿ ಜಗಳ. ಬರೆಯದಿದ್ದರೆ ಟಾರ್ಗೆಟ್ ತಪ್ಪಿದ್ದು ನನ್ನ ಮೇಲೆ. ಇದಕ್ಕೆ ಯಾರೂ ಉತ್ತರ ಹೇಳಿಲ್ಲ.

ಎಂಟು ಸೈಟು ಒಂದು ತಲೆ

"ಕೊಡುತ್ತಿಲ್ಲ" ಎಂಬುದು ದೂರು. "ಕಾಲರ್ ಬಂಡಲ್ ಬುಧವಾರ ಬರಬೇಕಿತ್ತು, ಬಂದಿಲ್ಲ. ಗುರುವಾರ ಕೇಳಿದಾಗ ಶನಿವಾರ ಎಂದರು. ಕಾಲರ್ ಜೋಡಿಸುವ ಮೆಷಿನ್‌ಗಳು ಬುಧವಾರದಿಂದ ಖಾಲಿ" ಎಂಬುದು ಅಡೆತಡೆ. ಎರಡನೆಯದನ್ನು ಕಟಿಂಗ್ ಇನ್‌ಚಾರ್ಜ್ ಓದಿದರೂ ಸುಳ್ಳು ಎನ್ನಲಾಗದು. ಕಳಿಸುವ ಮೊದಲು ಅವರಿಗೇ ಒಮ್ಮೆ ತೋರಿಸಿ. ಬಹಳ ಸಲ ವರದಿ ಹೋಗುವ ಮುಂಚೆಯೇ ಬಂಡಲ್ ಬರುತ್ತದೆ.

ಹೊಲಿಗೆ ಲೈನ್ 4

ನಿಮಗೆ ನಮ್ಮ ಕಟಿಂಗ್ ಇನ್‌ಚಾರ್ಜ್ ಗೊತ್ತಿಲ್ಲ ಸರ್. ಆದರೂ ದಿನಾಂಕ ಹಾಕಿ ಬರೆದು ನೋಡುತ್ತೇನೆ.

ಕೋಡುಬಳೆ

ಜೋಡಿಯ ವಿಷಯದಲ್ಲಿ ಸೋತೆ. ಆದರೆ ಒಂದು ಸಂದೇಹ. ಬೇಡಿಕೆ ಇಲ್ಲದ ಅಡೆತಡೆಯನ್ನು, ಜಾತ್ರೆಗೆ ಹೋದ ಬಡಗಿಗಳಂಥದ್ದನ್ನು, ಬರೆಯುವುದಾದರೂ ಯಾಕೆ? ಮ್ಯಾನೇಜರು ಮಾಡುವಂಥದ್ದೇನೂ ಇಲ್ಲವಲ್ಲ.

ಹಳೆಯ ಲೆವೆಲ್ ಪುಸ್ತಕ

ಅಂಕಣ ಒಂದು ಬಾಕಿ ಏಕೆ ಎಂದು ಅವರು ಕೇಳುವ ಮೊದಲೇ ಉತ್ತರ ಸಿಗುತ್ತದೆ. ಎದುರಿಗೆ "ನಿಮ್ಮಿಂದ ಏನೂ ಬೇಡ" ಎಂದು ಬಾಯಿಬಿಟ್ಟು ಬರೆಯಬೇಕು. ಇಲ್ಲದಿದ್ದರೆ ಉತ್ಸಾಹಿ ಮ್ಯಾನೇಜರು ಬೇರೆ ಗುತ್ತಿಗೆದಾರರ ಬಡಗಿಗಳನ್ನು ಕಳಿಸಿಬಿಡುತ್ತಾರೆ, ಸೋಮವಾರ ನಿಮ್ಮ ಮೇಸ್ತ್ರಿ ಮುನಿಸಿಕೊಂಡು ಕೂರುತ್ತಾನೆ.

ಮುಂದಿನ ವಾರವೂ ಅದೇ ಸಾಲು ಬಂದರೆ ಅದು ಬೇಡಿಕೆಯಾಗುತ್ತದೆ. ಅದಕ್ಕೇ ಪ್ರತಿ ಅಡೆತಡೆಯ ಪಕ್ಕ ಎಂದಿನಿಂದ ಎಂದು ಬರೆಯಿರಿ ಎನ್ನುವುದು. ಮೂರು ವಾರದ ವರದಿಗಳಲ್ಲಿ "ಡ್ರಾಯಿಂಗ್ ನಿರೀಕ್ಷಿಸಲಾಗುತ್ತಿದೆ" ಎಂಬುದು ಅಕ್ಷರ ಬದಲಾಗದೆ ನಿಂತಿದ್ದರೆ ಯಾರೂ ಯಾರನ್ನೂ ಕೇಳಿಲ್ಲ ಎಂದೇ ಅರ್ಥ.

ದಾವಣಗೆರೆ ಸೈಟ್

ಮತ್ತೆ ಬರೆದಿದ್ದೇನೆ. ಡ್ರಾಯಿಂಗ್ ಬೇಕಾದ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿದೆ. ಶನಿವಾರ ಕಾಂಕ್ರೀಟ್ ಎಂದರೆ ಶುಕ್ರವಾರ ಕಂಬಿಯ ತಪಾಸಣೆ. ಕಟ್ಟಲು ಮತ್ತು ಎಲೆಕ್ಟ್ರಿಕ್ ಪೈಪ್ ಹಾಕಲು ಬುಧವಾರ ಮಧ್ಯಾಹ್ನದಿಂದ ಗುರುವಾರ ರಾತ್ರಿಯವರೆಗೆ ಬೇಕು. ಕತ್ತರಿಸಿ ಬಗ್ಗಿಸಲು ಬುಧವಾರ ಬೆಳಿಗ್ಗೆ. ಅಲ್ಲಿಗೆ ಡ್ರಾಯಿಂಗ್ ಮಂಗಳವಾರ ಸಂಜೆ ಕೈಯಲ್ಲಿರಬೇಕು. ನಾನು ಸುಮ್ಮನೆ "ಈ ವಾರದೊಳಗೆ" ಎಂದು ಬರೆಯುವವಳಿದ್ದೆ.

ಆಗಿದ್ದು:
ಎರಡನೇ ಮಹಡಿಯ ಎಲ್ಲ ಕಾಲಂಗಳಿಗೆ ಕಾಂಕ್ರೀಟ್ ಆಗಿ, ಅಚ್ಚು ಬಿಚ್ಚಿ, ಗೋಣಿ ಸುತ್ತಿ ನೀರು ಹಾಕಲಾಗುತ್ತಿದೆ. ಮೇಲಿನ ಸ್ಲ್ಯಾಬಿನ ಐದು ಅಂಕಣಗಳಲ್ಲಿ ನಾಲ್ಕಕ್ಕೆ ಸೆಂಟ್ರಿಂಗ್ ಮುಗಿದಿದೆ, ಲೆವೆಲ್ ನೋಡಲಾಗಿದೆ. ಮೂರು ಅಂಕಣಗಳಲ್ಲಿ ಕೆಳಪದರದ ಕಂಬಿ ಕಟ್ಟಿ ಆಗಿದೆ.

ನಿಂತಿದ್ದು:
ನಾಲ್ಕನೇ ಅಂಕಣದ ಶೌಚಾಲಯ ಭಾಗದಲ್ಲಿ ಕಂಬಿ ಕೆಲಸ ಗುರುವಾರದಿಂದ ನಿಂತಿದೆ. ಪೈಪಿನ ಡಕ್ಟ್ ಜಾಗ ಬದಲಾದ ಪರಿಷ್ಕೃತ ಡ್ರಾಯಿಂಗ್ ಆರ್ಕಿಟೆಕ್ಟ್ ಕಚೇರಿಯಲ್ಲಿದೆ. ಶುಕ್ರವಾರ ಕೇಳಿದಾಗ ಪ್ಲಂಬಿಂಗ್ ಸಲಹೆಗಾರರ ಸಹಿ ಬಾಕಿ ಎಂದರು.
ಐದನೇ ಅಂಕಣದ ಸೆಂಟ್ರಿಂಗ್ ನಿಂತಿದೆ, ಬಡಗಿಗಳು ಸೋಮವಾರ ಬರುತ್ತಾರೆ. ನಿಮ್ಮಿಂದ ಏನೂ ಬೇಡ.

ನಿಮ್ಮಿಂದ ಬೇಕಾದದ್ದು:
1. ಕಾಲಂ ಕಾಂಕ್ರೀಟಿನ ಏಳು ದಿನದ ಕ್ಯೂಬ್ ಸರಾಸರಿ 13.8 ಬಂದಿದೆ (ಎಂ25, ಪಿಪಿಸಿ). ಇವುಗಳ ಮೇಲೆ ಶನಿವಾರ ಸ್ಲ್ಯಾಬು ಹಾಕಬಹುದೇ, ಬೇರೆ ಪರೀಕ್ಷೆ ಬೇಕೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಅವರ ಲಿಖಿತ ಉತ್ತರ ಬುಧವಾರದೊಳಗೆ. ಉತ್ತರ ಬಾರದೆ ರೆಡಿಮಿಕ್ಸ್ ಬುಕ್ ಮಾಡುವುದಿಲ್ಲ.
2. ಪರಿಷ್ಕೃತ ಡ್ರಾಯಿಂಗ್ ಮಂಗಳವಾರ ಸಂಜೆಯೊಳಗೆ. ತಡವಾದರೆ ಭಾನುವಾರ ರಜೆಯಾದ್ದರಿಂದ ಕಾಂಕ್ರೀಟ್ ಸೋಮವಾರಕ್ಕೆ ಹೋಗುತ್ತದೆ.
3. ಮೂರನೇ ಮಹಡಿಯ ಕಾಲಂಗಳ 16 ಎಂಎಂ ಕಂಬಿಯ ಆರ್ಡರಿಗೆ ಗುರುವಾರದೊಳಗೆ ಒಪ್ಪಿಗೆ. ಮಾಲು ಬರಲು ಹತ್ತು ದಿನ ಎಂದು ಸರಬರಾಜುದಾರರು ಹೇಳಿದ್ದಾರೆ.

10 ಎಂಎಂ ಕಂಬಿ ಲೆಕ್ಕ ಹಾಕಿದೆ. ಲಾರಿ ಬರುವವರೆಗೆ ಸಾಲುತ್ತದೆ, ಆದ್ದರಿಂದ ಬಿಟ್ಟೆ.

ಹಳೆಯ ಲೆವೆಲ್ ಪುಸ್ತಕ

ಚೆನ್ನಾಗಿದೆ. ಒಂದೇ ತಕರಾರು. ಕ್ಯೂಬಿನ ಲ್ಯಾಬ್ ವರದಿಯನ್ನು ಜೊತೆಗೆ ಲಗತ್ತಿಸಿ, ಒಂದೊಂದು ಕ್ಯೂಬಿನ ಅಂಕಿಯೂ ಕಾಣಲಿ. ಸರಾಸರಿಯೊಳಗೆ ಎರಡು ಸರಿಯಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ ಅದರ ಕಥೆಯೇ ಬೇರೆ. ಡ್ರಾಯಿಂಗಿನ ವಿಷಯ ನೋಡಿ, ಎರಡು ಕಡೆ ಬಂದರೂ ಪುನರುಕ್ತಿಯಾಗಿಲ್ಲ. ಒಂದು ಕಡೆ ಏನು, ಎಂದಿನಿಂದ ನಿಂತಿದೆ ಎಂದಿದೆ, ಇನ್ನೊಂದು ಕಡೆ ಯಾವಾಗ ಬೇಕು ಎಂದಿದೆ.

ಎಂಟು ಸೈಟು ಒಂದು ತಲೆ

ಕ್ಯೂಬಿನ ವಿಷಯ ಬೇಡಿಕೆಯಲ್ಲಿ ಒಂದನೆಯದಾಗಿ ಬಂದದ್ದು ಸರಿ. ಆದರೆ ಅದು ವರದಿಗಾಗಿ ಕಾಯಬೇಕಾದ ಸುದ್ದಿಯೇ ಅಲ್ಲ. ನಾನಾಗಿದ್ದರೆ ಲ್ಯಾಬಿನಿಂದ ಬಂದ ಕೂಡಲೇ ಫೋನ್ ನಿರೀಕ್ಷಿಸುತ್ತೇನೆ. ವಾರದ ವರದಿಯಲ್ಲಿ ಅದನ್ನು ಬರೆಯುವುದು ದಾಖಲೆಗೆ ಮಾತ್ರ.

ಮೇಸ್ತ್ರಿ ಮಗ

ಸಣ್ಣ ಗುತ್ತಿಗೆದಾರ ನಾನು. ನನ್ನ ಸಮಸ್ಯೆ ಯಾವ ಭಾಗಕ್ಕೆ ಸೇರುತ್ತದೆ ಹೇಳಿ. ಎರಡು ಆರ್‌ಎ ಬಿಲ್ ಬಾಕಿ. ಕೆಲಸ ನಿಲ್ಲಿಸಿಲ್ಲ, ಕೈಸಾಲ ಮಾಡಿ ಆಳುಗಳಿಗೆ ಬಟವಾಡೆ ಕೊಡುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ಆಳುಗಳು ಕೈಕಟ್ಟಿ ಕೂತಿಲ್ಲ, ಹಾಗಾಗಿ ಅಡೆತಡೆಯಲ್ಲ. ಬೇಡಿಕೆ ಎಂದು ಬರೆದರೆ ಪ್ರತಿ ವಾರವೂ ಅದೇ ಸಾಲು, ಓದಿ ಬದಿಗಿಡುತ್ತಾರೆ.

ಹಳೆಯ ಲೆವೆಲ್ ಪುಸ್ತಕ

ಬೇಡಿಕೆಯೇ. ಆದರೆ "ಬಿಲ್ ಪಾವತಿಸಿ" ಎಂದಲ್ಲ. ಎಷ್ಟನೇ ತಾರೀಕಿನವರೆಗೆ ನಿಮ್ಮ ಕೈಯಲ್ಲಿ ನಡೆಸಬಹುದು, ಅದಾದ ಮೇಲೆ ಯಾವ ಕೆಲಸದಿಂದ ಎಷ್ಟು ಆಳು ಕಡಿಮೆ ಮಾಡುತ್ತೀರಿ ಎಂದು ಬರೆಯಿರಿ. ಬರೆದಂತೆ ಮಾಡಲೂಬೇಕು.

ಮೇಸ್ತ್ರಿ ಮಗ

ಹಾಗೆ ಬರೆದರೆ ಮುಂದಿನ ಕೆಲಸ ಬೇರೆಯವರಿಗೆ ಹೋಗುತ್ತದೆ. ನೌಕರಿಯಲ್ಲಿರುವವರು ಬರೆಯುವ ವರದಿ ಬೇರೆ, ಗುತ್ತಿಗೆದಾರ ಬರೆಯುವುದು ಬೇರೆ ಸರ್.

ಹಳೆಯ ಲೆವೆಲ್ ಪುಸ್ತಕ

ಅದು ನಿಜ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ದಾವಣಗೆರೆ ಸೈಟ್

ರಾತ್ರಿ ವರದಿ ಕಳಿಸುವ ಮೊದಲೇ ಮ್ಯಾನೇಜರಿಗೆ ಫೋನ್ ಮಾಡಿ ಕ್ಯೂಬಿನ ವಿಷಯ ಹೇಳಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಸೋಮವಾರ ಸೈಟಿಗೇ ಬರುತ್ತಾರಂತೆ, ರಿಬೌಂಡ್ ಹ್ಯಾಮರ್ ಲ್ಯಾಬಿನಿಂದ ತರಿಸಿಡಲು ಹೇಳಿದ್ದಾರೆ. ಡ್ರಾಯಿಂಗ್ ಮಂಗಳವಾರ ಕೊಡಿಸುತ್ತೇನೆ ಎಂದರು. 16 ಎಂಎಂ ಕಂಬಿಗೆ ಮಾತ್ರ, ಮೂರು ಕಡೆಯ ದರಪಟ್ಟಿ ಇಲ್ಲದೆ ಒಪ್ಪಿಗೆ ಸಿಗದು ಎಂದಿದ್ದಾರೆ. ನನ್ನ ಬಳಿ ಇರುವುದು ಒಂದು.

ಎಂಟು ಸೈಟು ಒಂದು ತಲೆ

ಹಾಗಾದರೆ ಆ ಸಾಲು ಈಗ ನಿಮ್ಮ ಅಂಗಳಕ್ಕೆ ಬಂತು. ಇನ್ನೆರಡು ದರ ತರಿಸಿ, ಗುರುವಾರವನ್ನು ಬಿಟ್ಟುಕೊಡಬೇಡಿ.